ಕಾರಂಜಿಗೆ ಫಸ್ಟ್ ರ‍್ಯಾಂಕ್ ಬರೋವರೆಗೂ ವೇಟೇಜ್ ತಿದ್ದಿ

ಬೆಂಗಳೂರಿನ ಯಾವುದೋ ಒಂದು ವಾರ್ಡು ಅಂತಿಟ್ಕೊಳ್ಳಿ. ದುಡ್ಡು ಬಂದಿರೋದು ಒಂದೇ ಕೆಲಸಕ್ಕೆ, ಕ್ಯೂನಲ್ಲಿರೋದು ಮೂರು. ರಾಜಕಾಲುವೆ ದುರಸ್ತಿ, ಫುಟ್‌ಪಾತ್, ಪಾರ್ಕಿಗೊಂದು ಸಂಗೀತ ಕಾರಂಜಿ. ಮೊದಲಾಗಿದ್ದರೆ ಸಾಹೇಬ್ರು ಕಾರಂಜಿ ಅಂದರೆ ಕಾರಂಜಿ, ಮುಗೀತು. ಈಗ ಹಾಗಿಲ್ಲ. ಎಲ್ಲಾ ವೈಜ್ಞಾನಿಕ. ಅಂದರೆ ಒಂದು ಎಕ್ಸೆಲ್ ಶೀಟು.

ಶೀಟು ಮಾಡೋದು ಪಾಪ ಒಬ್ಬ ಹುಡುಗ ಇಂಜಿನಿಯರು. ನಾಲ್ಕು ಮಾನದಂಡ ಹಾಕಿ ಒಂದೊಂದಕ್ಕೂ ಇಷ್ಟು ತೂಕ, ಅಂದರೆ ವೇಟೇಜ್, ಕೊಡ್ತಾನೆ: ಜನರಿಗೆ ಉಪಯೋಗಕ್ಕೆ 40, ಕಡಿಮೆ ಖರ್ಚಿಗೆ 25, ಬೇಗ ಮುಗಿಯೋದಕ್ಕೆ 20, ಕಣ್ಣಿಗೆ ಕಾಣೋದಕ್ಕೆ 15. ಒಟ್ಟು 100. ಆಮೇಲೆ ಪ್ರತಿ ಕೆಲಸಕ್ಕೂ ಪ್ರತಿ ಮಾನದಂಡದಲ್ಲಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಇದೇ ಕ್ರಮದಲ್ಲಿ ರಾಜಕಾಲುವೆಗೆ 9, 4, 3, 1. ಫುಟ್‌ಪಾತಿಗೆ 7, 7, 6, 4. ಕಾರಂಜಿಗೆ 2, 5, 8, 10. ಶೀಟಿನ ಎರಡನೇ ಸಾಲಲ್ಲಿ ವೇಟೇಜ್, ಅದರ ಕೆಳಗೆ ಮಾರ್ಕ್ಸ್. ಮಾರ್ಕ್ಸನ್ನು ವೇಟೇಜಿನಿಂದ ಗುಣಿಸಿ, ಕೂಡಿಸಿ, 100ರಿಂದ ಭಾಗಿಸೋದು, ಅಷ್ಟೇ:

```
=SUMPRODUCT($B$2:$E$2,B3:E3)/100
```

ಫುಟ್‌ಪಾತ್ 6.35, ರಾಜಕಾಲುವೆ 5.35, ಕಾರಂಜಿ 5.15. ಹುಡುಗ ಖುಷಿಯಾಗಿ ಪ್ರಿಂಟ್ ತಗೊಂಡು ಸಾಹೇಬ್ರ ಹತ್ತಿರ ಹೋಗ್ತಾನೆ.

"ಕಾರಂಜಿ ಯಾಕ್ರೀ ಲಾಸ್ಟ್ ಬಂದಿದೆ? ಏನೋ ತಪ್ಪಾಗಿದೆ, ಇನ್ನೊಂದ್ಸಲ ನೋಡಿ."

"ಲೆಕ್ಕ ಸರಿಯಾಗಿದೆ ಸರ್."

"ಲೆಕ್ಕ ಸರಿ ಇರಬಹುದು. ವೇಟೇಜ್ ಸರಿ ಇಲ್ಲ."

ಇಲ್ಲಿ ಸಾಹೇಬ್ರ ಜಾಣತನ ನೋಡಿ. ಮಾರ್ಕ್ಸ್ ಮುಟ್ಟೋ ಹಾಗಿಲ್ಲ, ಕಾರಂಜಿಯಿಂದ ಜನರಿಗೆ 9ರಷ್ಟು ಉಪಯೋಗ ಅಂತ ಬರೆದರೆ ನಾಳೆ ಯಾರಾದರೂ ನಗ್ತಾರೆ. ಆದರೆ ವೇಟೇಜ್ ಅನ್ನೋದು ಅಭಿಪ್ರಾಯ, ಅದನ್ನು ಸುಳ್ಳು ಅನ್ನೋಕೆ ಯಾರಿಂದಲೂ ಆಗಲ್ಲ. ಉಪಯೋಗದಿಂದ 15 ತೆಗೆದು ಕಣ್ಣಿಗೆ ಕಾಣೋದಕ್ಕೆ ಹಾಕಿ ಅಂತಾರೆ. ಈಗ ಉಪಯೋಗ 25, ಕಾಣೋದು 30. ಕಾರಂಜಿ 6.35, ಫುಟ್‌ಪಾತ್ 5.9, ರಾಜಕಾಲುವೆ 4.15. ಒಂದು ಮಾರ್ಕ್ಸೂ ಬದಲಾಗಿಲ್ಲ, ಲಾಸ್ಟ್ ಇದ್ದದ್ದು ಫಸ್ಟ್ ಬಂತು. "ಕಣ್ಣಿಗೆ ಕಾಣೋದು" ಅಂದರೆ ಚೆನ್ನಾಗಿರಲ್ಲ ಅಂತ ಹೆಸರೂ ಬದಲಾಗುತ್ತೆ: ನಗರದ ಸೌಂದರ್ಯ.

ಆ ಹುಡುಗ ಮನೆಗೆ ಹೋಗಿ ಸುಮ್ನೆ ಒಂದು ಕೆಲಸ ಮಾಡಿದ್ದರೆ ಪೂರ್ತಿ ಚಿತ್ರ ಸಿಗ್ತಿತ್ತು. ಒಂದೇ ಸಲ 15 ಎತ್ತಿಡೋ ಬದಲು ಒಂದೊಂದೇ ಅಂಕ ಉಪಯೋಗದಿಂದ ತೆಗೆದು ಕಾಣೋದಕ್ಕೆ ಹಾಕುತ್ತಾ ಹೋಗೋದು, ರ‍್ಯಾಂಕ್ ಎಲ್ಲಿ ತಿರುಗುತ್ತೆ ಅಂತ ನೋಡೋದು. ಎರಡು ಅಂಕ ಸರಿಸಿದಾಗಲೇ ಕಾರಂಜಿ ರಾಜಕಾಲುವೆಯನ್ನು ದಾಟುತ್ತೆ, 5.31ಕ್ಕೆ 5.19. ಅಂದರೆ ಅವೆರಡರ ಮಧ್ಯೆ ಇದ್ದ ವ್ಯತ್ಯಾಸ ಹೆಸರಿಗಷ್ಟೇ, ಅದನ್ನು ನಂಬಿ ವಾದ ಮಾಡಬಾರದು. ಫುಟ್‌ಪಾತ್ ಹಾಗಲ್ಲ, ಅದು ಹತ್ತು ಅಂಕ ಸರಿಸಿದರೂ ಫಸ್ಟೇ. ಹನ್ನೊಂದನೇ ಅಂಕಕ್ಕೆ ಬೀಳುತ್ತೆ, 6.02ಕ್ಕೆ ಎದುರು 6.03. ಹಾಗಾಗಿ ಯಾರಾದರೂ ಐದು ಅಂಕ ಆಚೆ ಈಚೆ ಮಾಡಿದರೆ ಅದು ಅಭಿಪ್ರಾಯಭೇದ. ನೇರವಾಗಿ 15 ಸರಿಸಿದರೆ ಅವರಿಗೆ ಉತ್ತರ ಮೊದಲೇ ಗೊತ್ತಿತ್ತು ಅಂತ ಅರ್ಥ, ಅಲ್ವಾ?

ಇನ್ನು ರಾಜಕಾಲುವೆ ಕಥೆ. ಈ ಮಾರ್ಕ್ಸಿನಲ್ಲಿ ಅದು ಫಸ್ಟ್ ಬರಬೇಕಾದರೆ ಉಪಯೋಗದ ವೇಟೇಜ್ 60 ದಾಟಬೇಕು, ಉಳಿದದ್ದನ್ನು ಹೇಗೆ ಹಂಚಿದರೂ ಅಷ್ಟೇ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕಡೆ ನೀರು ನಿಂತು ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ವಾರ ಕೇಳಿದ್ದರೆ 80 ಕೊಡೋರು. ಮಾರ್ಚಿನ ಬಿಸಿಲಲ್ಲಿ, ಎಸಿ ರೂಮಲ್ಲಿ, ಚೌಚೌ ಬಾತ್ ತಿಂತಾ ಯಾರು ಕೊಡ್ತಾರೆ?

ಅಸಲಿಗೆ ಈ ಕೂಡಿಸೋ ಲೆಕ್ಕದಲ್ಲೇ ಒಂದು ತೂತಿದೆ. ಉಪಯೋಗದಲ್ಲಿ 2 ತಗೊಂಡವನು ಬಣ್ಣದ ಲೈಟಿನಲ್ಲಿ 10 ತಗೊಂಡು ಪಾಸಾಗಬಹುದು. ಎಸ್ಸೆಸ್ಸೆಲ್ಸಿ ಹುಡುಗರಿಗೂ ಈ ಭಾಗ್ಯ ಇಲ್ಲ, ಅಲ್ಲಿ ಒಂದೊಂದು ವಿಷಯದಲ್ಲೂ ಪಾಸಾಗಬೇಕು. ಇಲ್ಲೂ ಉಪಯೋಗದಲ್ಲಿ 4ಕ್ಕಿಂತ ಕಡಿಮೆ ಬಂದರೆ ಪಟ್ಟಿಯಿಂದಲೇ ಹೊರಗೆ ಅಂತ ಒಂದು ಗೆರೆ ಎಳೆದಿದ್ದರೆ ಕಾರಂಜಿ ಬಾಗಿಲಲ್ಲೇ ನಿಲ್ಲೋದು. ಮಾರ್ಕ್ಸ್ ನೋಡೋ ಮೊದಲೇ ವೇಟೇಜಿಗೆ ಸಹಿ ಹಾಕಿಸಿ ತಾರೀಖು ಬರೆಸಿದ್ದರೆ ಅರ್ಧ ನಾಟಕ ಅಲ್ಲಿಗೇ ಮುಗಿಯೋದು. ಅದನ್ನು ಆ ಹುಡುಗ ಹೇಳಿಯೂ ನೋಡ್ತಾನೆ. ಒಳ್ಳೆ ಸಲಹೆ, ಮುಂದಿನ ವರ್ಷ ನೋಡೋಣ ಅಂತಾರೆ.

ನೀವು ಮಾಹಿತಿ ಹಕ್ಕಿನಲ್ಲಿ ಆ ಎಕ್ಸೆಲ್ ಫೈಲ್ ಕೊಡಿ ಅಂತ ಅರ್ಜಿ ಹಾಕಿ ನೋಡಿ. ಕೊಡ್ತಾರೆ, ಇಲ್ಲ ಅನ್ನಲ್ಲ. ಪ್ರಿಂಟ್ ತೆಗೆದು, ಸೀಲ್ ಒತ್ತಿ, ಪುಟಕ್ಕಿಷ್ಟು ಅಂತ ದುಡ್ಡು ಕಟ್ಟಿಸ್ಕೊಂಡು ಕೊಡ್ತಾರೆ. ಕಾಗದದ ಮೇಲೆ 30 ಅಂತಿರುತ್ತೆ, ಅದು ಮೊದಲು 15 ಇತ್ತು ಅಂತ ಕಾಗದಕ್ಕೇನು ಗೊತ್ತು.