ಸಾಹೇಬರಿಗೆ ಗೊತ್ತಿದೆ, ಆದರೆ ಏನು ಗೊತ್ತಿದೆ?

"ನಮ್ ಸಾಹೇಬ್ರಿಗೆ ನನ್ನ ಕೆಲಸ ಎಲ್ಲಾ ಗೊತ್ತು, ರೆಸ್ಯೂಮೆ ಸುಮ್ನೆ ಫಾರ್ಮಾಲಿಟಿ." ಗಿಣಿಗೇರಿ ಕಡೆ ಕಾರ್ಖಾನೆ ಹುಡುಗರ ಬಾಯಲ್ಲಿ ಈ ಮಾತು ಜಾಸ್ತಿ. ನಾನು ಒಪ್ಪಲ್ಲ. ಸಾಹೇಬರಿಗೆ ಗೊತ್ತಿರುವುದು ನಿಮ್ಮ ಈಗಿನ ಕೆಲಸ. ನೀವು ಕೇಳುತ್ತಿರುವುದು ಅದೇ ಕಂಪನಿಯಲ್ಲಿ ಬೇರೆ ಕುರ್ಚಿ.

ನಮ್ಮ ಓಣಿಯ ಹುಡುಗನೊಬ್ಬ ಸ್ಪಾಂಜ್ ಐರನ್ ಘಟಕದಲ್ಲಿ ಮೆಂಟೆನೆನ್ಸ್ ಶಿಫ್ಟ್ ಇಂಜಿನಿಯರ್. ಪ್ಲಾನಿಂಗ್ ವಿಭಾಗದಲ್ಲಿ ಒಂದು ಜಾಗಕ್ಕೆ ಒಳಗಿನವರಿಂದಲೇ ಅರ್ಜಿ ಕರೆದಿದ್ದರು. ಹೊರಗೆ ಕೆಲಸ ಹುಡುಕಲು ಮಾಡಿಟ್ಟಿದ್ದ ಹಳೇ ರೆಸ್ಯೂಮೆಯನ್ನೇ ತಂದು ತೋರಿಸಿದ. ಮೊದಲ ಅರ್ಧ ಪುಟ ಕಂಪನಿಯ ಪರಿಚಯ. ಕಂಪನಿಯವರಿಗೇ! ಅದನ್ನು ತೆಗೆಸಿದೆ.

ಆಮೇಲೆ ಅದಿರು ಕಾಯಿಸುವ ತಿರುಗು ಕುಲುಮೆ, ಅಂದರೆ ಕಿಲ್ನ್ ಬಗ್ಗೆ ಒಂದು ಸಾಲು: "ಕಿಲ್ನ್ ಬ್ರೇಕ್‌ಡೌನ್ 40% ಕಡಿಮೆ ಮಾಡಿದೆ." ಹೊರಗಿನ ಕಂಪನಿಯಲ್ಲಿ ಇದು ನಡೆದುಬಿಡಬಹುದು. ಇಲ್ಲಿ ಓದುವವರು ದಿನಾ ಬೆಳಗಿನ ಮೀಟಿಂಗ್‌ನಲ್ಲಿ ಕೂತವರು. ಆ ವರ್ಷ ಒಳಗೋಡೆಗೆ ಸುತ್ತಲೂ ಮಾಲು ಅಂಟಿ ರಿಂಗ್ ಕಟ್ಟಿಕೊಂಡು ಕಿಲ್ನ್ ಬಹಳ ದಿನ ನಿಂತಿತ್ತು. ನಿಂತ ಕಿಲ್ನ್ ಕೆಡೋದೆಲ್ಲಿಂದ? ಲಾಗ್‌ಬುಕ್ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಇಂಥ ಒಂದು ಸಾಲು ಸಿಕ್ಕಿಬಿದ್ದರೆ ಉಳಿದ ಸಾಲುಗಳನ್ನೂ ಯಾರೂ ನಂಬಲ್ಲ.

"ಅದರಲ್ಲಿ ನಿನ್ನ ಕೈ ಎಲ್ಲಿತ್ತು ಹೇಳು ತಮ್ಮಾ" ಅಂದೆ. ಆಗ ಬಂತು ನಿಜವಾದ ವಿಷಯ. ಕಳೆದ ಶಟ್‌ಡೌನ್‌ಗೆ ಮುಂಚೆ ಕಿಲ್ನ್ ಹೊತ್ತಿರುವ ಸಪೋರ್ಟ್ ರೋಲರ್ ಬೇರಿಂಗ್‌ಗಳ ತಾಪಮಾನದ ಹಳೇ ದಾಖಲೆಯನ್ನೆಲ್ಲ ಇವನೇ ಕೂತು ನೋಡಿದ್ದ. ಯಾವ ಬೇರಿಂಗ್ ಬದಲಿಸಬೇಕು ಅಂತ ಪಟ್ಟಿ ಮಾಡಿ, ಕೆಲಸ ಶುರುವಾಗುವ ಮೊದಲೇ ಅವನ್ನು ತರಿಸಲು ಇಂಡೆಂಟ್ ಹಾಕಿಸಿದ್ದ. ಶಟ್‌ಡೌನ್‌ನಲ್ಲಿ ಬಿಡಿಭಾಗಕ್ಕೆ ಕಾಯಬೇಕಾಗಲೇ ಇಲ್ಲ. ಸಾಹೇಬರ ಕಣ್ಣಿಗೆ ಬಿದ್ದದ್ದು ಕೆಲಸ ಮುಗಿದದ್ದು ಮಾತ್ರ. ಪ್ಲಾನಿಂಗ್ ಅಂದರೆ ಇದೇ ಅಲ್ವಾ? ಆದರೆ ರೆಸ್ಯೂಮೆಯಲ್ಲಿ ಇದು ಇರಲೇ ಇಲ್ಲ.

40% ಹೋಯಿತು, ಆ ಜಾಗಕ್ಕೆ ಇದು ಬಂತು: "ಶಟ್‌ಡೌನ್‌ಗೆ ಮುಂಚೆ ರೋಲರ್ ಬೇರಿಂಗ್ ತಾಪಮಾನ ದಾಖಲೆ ಪರಿಶೀಲಿಸಿ ಬಿಡಿಭಾಗಗಳ ಪಟ್ಟಿ ಮಾಡಿದೆ, ಮುಂಗಡ ಇಂಡೆಂಟ್ ಹಾಕಿಸಿದೆ. ಬದಲಾವಣೆ ಮಾಡಿದ್ದು ಶಿಫ್ಟ್ ತಂಡ." ಕೊನೆಯ ಮಾತು ಬೇಡ ಅಂತ ಹಟ ಹಿಡಿದ. ಬಿಡಲಿಲ್ಲ. ಆ ತಂಡದ ಫೋರ್‌ಮನ್ ಅದೇ ಕ್ಯಾಂಟೀನ್‌ನಲ್ಲಿ ಊಟ ಮಾಡುತ್ತಾನೆ, ಎಲ್ಲಾ ನಾನೇ ಮಾಡಿದೆ ಅಂತ ಇವನು ಬರೆದರೆ ಸಂಜೆಯೊಳಗೆ ಸುದ್ದಿ.

ಒಂದು ಮಾತು. ಅರ್ಜಿ ಹಾಕುವ ಮೊದಲೇ ಈಗಿನ ಸಾಹೇಬರಿಗೆ ಬಾಯಿಮಾತಲ್ಲಿ ಹೇಳಿಬಿಡಬೇಕು. ಬೇರೆ ವಿಭಾಗದ ಮುಖ್ಯಸ್ಥರು ಹೇಗೂ ಅವರಿಗೇ ಫೋನ್ ಮಾಡಿ ಕೇಳುತ್ತಾರೆ.

ಜಾಗ ಯಾರಿಗೆ ಅಂತ ಮೊದಲೇ ತೀರ್ಮಾನ ಆಗಿರುವುದೂ ಉಂಟು. ಆಗ ಯಾವ ರೆಸ್ಯೂಮೆಯೂ ನಡೆಯಲ್ಲ. ಆದರೆ ಈ ಕಾಗದ ಎಚ್‌ಆರ್ ಫೈಲ್‌ನಲ್ಲಿ ಉಳಿಯಬಹುದು. ಮುಂದಿನ ಸಲ ಅದನ್ನು ತೆಗೆದು ನೋಡುವಾಗ ಈಗಿನ ಸಾಹೇಬರೇ ಇರುತ್ತಾರೆ ಅಂತ ಏನೂ ಇಲ್ಲ.