ಹನ್ನೆರಡು ತೂತುಗಳ ಅರ್ಜಿ

ಬಾಡಿಗೆ ಮನೆಗೆ ಬಂದ ಮೂರನೆಯ ದಿನ, ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಕಣ್ಣಿಗೇ ಬಂದು ಬಿದ್ದಾಗ, ಪರದೆಯಿಲ್ಲದೆ ಬದುಕುವುದು ಸಾಧ್ಯವಿಲ್ಲವೆಂದು ತೀರ್ಮಾನಿಸಿದೆ. ಪರದೆಗೆ ರಾಡ್ ಬೇಕು, ರಾಡಿಗೆ ಬ್ರಾಕೆಟ್ ಬೇಕು, ಬ್ರಾಕೆಟ್ಟಿಗೆ ಸ್ಕ್ರೂ ಬೇಕು, ಸ್ಕ್ರೂ ಕಚ್ಚಿಕೊಳ್ಳಲು ಪ್ಲಗ್ ಬೇಕು, ಪ್ಲಗ್ ಕೂರಲು ತೂತು ಬೇಕು, ತೂತಿಗೆ ಗೋಡೆ ಬೇಕು. ಆ ಗೋಡೆ ಮಾತ್ರ ನನ್ನದಲ್ಲ. ಆದ್ದರಿಂದ ಡ್ರಿಲ್ ಹಿಡಿಯುವ ಮೊದಲು ಪೆನ್ನು ಹಿಡಿಯಬೇಕಾಯಿತು.

ಮನೆಯ ಮಾಲೀಕರಿಗೆ ಬರೆದ ಮೊದಲ ಕರಡಿನಲ್ಲಿ ‘ಒಂದೆರಡು ಸಣ್ಣ ತೂತುಗಳು’ ಎಂದಿತ್ತು. ಬರೆದ ಮೇಲೆ ಎಣಿಸಿ ನೋಡಿದೆ. ಕಿಟಕಿಯ ಅಗಲ ಸುಮಾರು 6 ಅಡಿ; ಅಷ್ಟು ಉದ್ದದ ರಾಡ್ ಪರದೆಯ ಭಾರಕ್ಕೆ ನಡುವೆ ಬಾಗುವುದರಿಂದ ಎರಡು ತುದಿಗಳಲ್ಲದೆ ಮಧ್ಯದಲ್ಲೂ ಒಂದು ಬ್ರಾಕೆಟ್ ಬೇಕು. ಒಂದೊಂದು ಬ್ರಾಕೆಟ್ಟಿಗೆ ಎರಡು ಸ್ಕ್ರೂ. ಅಲ್ಲಿಗೆ ಒಂದು ಕಿಟಕಿಗೆ 6, ಎರಡು ಕಿಟಕಿಗಳಿಗೆ 12. ‘ಒಂದೆರಡು’ ಎಂದು ಒಪ್ಪಿಗೆ ಪಡೆದು ಹನ್ನೆರಡು ಕೊರೆಯುವುದು ಸುಳ್ಳಲ್ಲದಿದ್ದರೂ ಸುಳ್ಳಿನ ಪಕ್ಕದ ಮನೆಯೇ. ಆ ಕಾಗದವನ್ನು ಹರಿದು, ಯಾವ ಗೋಡೆ, ಎಷ್ಟು ತೂತು, ಎಷ್ಟು ದಪ್ಪ, ಎಷ್ಟು ಆಳ ಎಂದು ಹೊಸದಾಗಿ ಬರೆದೆ: 12 ತೂತು, ತಲಾ 6 ಮಿಲಿಮೀಟರ್ ದಪ್ಪ, ಸುಮಾರು 40 ಮಿಲಿಮೀಟರ್ ಆಳ. ಪುಸ್ತಕದ ಹಲಗೆಯನ್ನೂ ಗೋಡೆಗೆ ಬಡಿಯುವ ಆಸೆಯಿತ್ತು. ಆದರೆ ಪುಸ್ತಕಗಳ ಭಾರಕ್ಕೆ ಇನ್ನೂ ದಪ್ಪನೆಯ ತೂತುಗಳು ಬೇಕಾಗುತ್ತವೆಂದು ತಿಳಿದು, ನೆಲದ ಮೇಲೆ ತಾನಾಗಿ ನಿಲ್ಲುವ ಕಪಾಟಿಗೆ ಸಮಾಧಾನಪಟ್ಟುಕೊಂಡೆ. ಗೋಡೆಗೆ ಗಾಢ ನೀಲಿ ಬಳಿಯುವ ಆಸೆಯೂ ಹಾಗೆಯೇ ಕೈಬಿಟ್ಟಿತು, ಏಕೆಂದರೆ ಆ ನೀಲಿಯ ಮೇಲೆ ಮತ್ತೆ ತಿಳಿ ಬಣ್ಣ ತರಿಸಲು ಎಷ್ಟು ಸಲ ಬಳಿಯಬೇಕಾದೀತೆಂದು ಊಹಿಸಿದರೇ ತೋಳು ನೋಯುತ್ತಿತ್ತು.

ಮಾಲೀಕರು ಕಾಗದವನ್ನು ಓದಿ, ಆಳದ ಬಗ್ಗೆ ವಿಚಾರಿಸಿದರು. ಗೋಡೆಯ ಮೇಲ್ಮೈಯ ಗಾರೆ ಬೆರಳಿನಷ್ಟೂ ದಪ್ಪವಿರುವುದಿಲ್ಲ, ಪ್ಲಗ್ ಅದರಲ್ಲೇ ನಿಂತರೆ ಪರದೆ ಎಳೆದ ದಿನವೇ ಗಾರೆಯ ಸಮೇತ ಕೆಳಗೆ ಬರುತ್ತದೆ, ಆದ್ದರಿಂದ ಗಾರೆ ದಾಟಿ ಒಳಗಿನ ಗಟ್ಟಿ ಭಾಗಕ್ಕೆ ಹೋಗಲೇಬೇಕು ಎಂದು ವಿವರಿಸಿದೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಎಲ್ಲಿಯೂ ಕೊರೆಯುವುದಿಲ್ಲವೆಂದೂ ಮಾತು ಕೊಟ್ಟೆ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ ಓಡಿರುತ್ತದೆ. ಅವರು ತಲೆದೂಗಿ ಒಂದೇ ಪ್ರಶ್ನೆ ಕೇಳಿದರು: “ಖಾಲಿ ಮಾಡುವಾಗ ಮೊದಲಿನಂತೆ ಮಾಡಿಕೊಡುತ್ತೀರಿ ತಾನೆ?”

“ಖಂಡಿತ ಮಾಡಿಕೊಡುತ್ತೇನೆ” ಎಂದೆ. ಮನೆಗೆ ಬಂದು ಗೋಡೆಯನ್ನು ನೋಡಿದ ಮೇಲೆ ‘ಮೊದಲಿನಂತೆ’ ಎಂಬ ಪದ ನನ್ನನ್ನು ಕಾಡತೊಡಗಿತು. ಕಿಟಕಿಯ ಮೇಲೆ ಹಿಂದಿನ ಬಾಡಿಗೆದಾರರ ಐದು ತೂತುಗಳು ಆಗಲೇ ಇದ್ದವು. ನಾಲ್ಕನ್ನು ಯಾರೋ ಸಿಮೆಂಟಿನಿಂದ ಉಬ್ಬುಬ್ಬಾಗಿ ಮುಚ್ಚಿದ್ದರು. ಐದನೆಯದಕ್ಕೆ ಹಲ್ಲುಜ್ಜುವ ಪೇಸ್ಟ್ ತುಂಬಿದ್ದರು, ಅದು ಒಣಗಿ ಕುಗ್ಗಿ ಬಿರುಕು ಬಿಟ್ಟಿತ್ತು. ಅದೂ ಒಂದು ಕಾಲದಲ್ಲಿ ಯಾರೋ ಕೊಟ್ಟ ಮಾತೇ ಇರಬೇಕು. ನಾನು ಹಿಂತಿರುಗಿಸಬೇಕಾದದ್ದು ಯಾವ ‘ಮೊದಲು’, ಪೇಸ್ಟ್ ಸಹಿತವಾದದ್ದೋ, ಅದಕ್ಕೂ ಹಿಂದಿನದೋ? ಕೊನೆಗೆ ಹಳೆಯ ತೂತುಗಳ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು, ಮಾಲೀಕರಿಗೂ ಒಂದು ಪ್ರತಿ ಕಳುಹಿಸಿದೆ. ಅವರಿಗೆ ಅದು ಅತಿರೇಕವೆನಿಸಿರಬಹುದು, ಆದರೆ ಬೇರೆಯವರ ಪೇಸ್ಟಿಗೆ ನಾನು ಮುಂಗಡದ ಹಣದಲ್ಲಿ ಉತ್ತರ ಕೊಡಲು ಸಿದ್ಧನಿರಲಿಲ್ಲ.

ತೂತು ಮುಚ್ಚುವುದನ್ನು ನಾನು ಸುಲಭವೆಂದು ಭಾವಿಸಿದ್ದೆ. ಬಣ್ಣ ಬಳಿಯುವ ಗೆಳೆಯನೊಬ್ಬನನ್ನು ಕೇಳಿದಾಗ ಅವನು ನಕ್ಕ. ಪ್ಲಗ್ಗಿಗೆ ಸ್ಕ್ರೂವನ್ನು ಎರಡು ಸುತ್ತು ಮಾತ್ರ ತಿರುಗಿಸಿ ಇಕ್ಕಳದಿಂದ ಎಳೆಯಬೇಕು. ಬಾರದಿದ್ದರೆ ಹಟ ಮಾಡಿದಷ್ಟೂ ಸುತ್ತಲಿನ ಗಾರೆ ಕಿತ್ತುಬಂದು ಕಡಲೆಯಷ್ಟಿದ್ದ ತೂತು ನಿಂಬೆಯಷ್ಟಾಗುತ್ತದೆ, ಆಗ ಅದನ್ನು ಒಳಕ್ಕೇ ತಟ್ಟಿಬಿಡುವುದು ಮೇಲು. ಧೂಳು ಊದಿ, ತುಸು ನೀರು ಚಿಮುಕಿಸಿ ಪುಟ್ಟಿ ತುಂಬಬೇಕು. ಮೊದಲ ಸಲ ತುಂಬಿದ್ದು ಒಣಗಿದಾಗ ಒಳಕ್ಕೆ ಕುಸಿಯುತ್ತದೆ, ಆದ್ದರಿಂದ ಒಣಗಿದ ಮೇಲೆ ಎರಡನೆಯ ಸಲ ಹಚ್ಚಿ, ಮರಳುಕಾಗದದಿಂದ ಉಜ್ಜಬೇಕು. ಸಮವಾಯಿತೇ ಎಂದು ಎದುರು ನಿಂತು ನೋಡಿದರೆ ತಿಳಿಯುವುದಿಲ್ಲ. ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟರೆ ಉಬ್ಬುತಗ್ಗುಗಳೆಲ್ಲ ನೆರಳಾಗಿ ಎದ್ದುಬರುತ್ತವೆ.

ಇಷ್ಟೆಲ್ಲ ಆದ ಮೇಲೆ ಬಣ್ಣ. ಇಲ್ಲಿಯೇ ‘ಮೊದಲಿನಂತೆ’ ಎಂಬ ಮಾತು ಮುಗ್ಗರಿಸುವುದು. ಅದೇ ಕಂಪನಿಯ ಅದೇ ನಂಬರಿನ ಬಣ್ಣ ತಂದು ಹಚ್ಚಿದರೂ ಆ ಜಾಗ ಹಳೆಯ ಬಟ್ಟೆಯ ಹೊಸ ತೇಪೆಯಂತೆ ಕಾಣುತ್ತದೆ. ತಪ್ಪು ಡಬ್ಬಿಯದಲ್ಲ: ಗೋಡೆ ಇಷ್ಟು ವರ್ಷ ಬಿಸಿಲು, ಧೂಳು, ಒಲೆಯ ಹೊಗೆ ತಿಂದು ತನ್ನದೇ ಬಣ್ಣಕ್ಕೆ ಬಂದಿರುತ್ತದೆ, ಆ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಾಲದ್ದಕ್ಕೆ ಪುಟ್ಟಿ ಬಣ್ಣವನ್ನು ಹೆಚ್ಚು ಹೀರುವುದರಿಂದ, ಕೆಳಗೆ ಪ್ರೈಮರ್ ಹಚ್ಚದಿದ್ದರೆ ಆ ಚುಕ್ಕೆ ಹೊಳಪಿಲ್ಲದೆ ಮಂಕಾಗಿ ಉಳಿಯುತ್ತದೆ. ಗೆಳೆಯ ಹೇಳಿದ ಉಪಾಯ ಒಂದೇ: ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಯನ್ನೇ ಬಳಿಯುವುದು. ಮೂಲೆಯಲ್ಲಿ ಬೆಳಕೇ ಬದಲಾಗುವುದರಿಂದ ಹೊಸದಕ್ಕೂ ಹಳೆಯದಕ್ಕೂ ಇರುವ ಅಂತರ ಕಣ್ಣಿಗೆ ಬೀಳುವುದಿಲ್ಲ.

ನಾನು ಅರ್ಜಿಯಲ್ಲಿ ‘ಮೊದಲಿನಂತೆ’ ಎಂಬುದನ್ನು ಹೊಡೆದುಹಾಕಿ, ‘ತೂತುಗಳನ್ನು ಪುಟ್ಟಿಯಿಂದ ಮುಚ್ಚಿ, ಪ್ರೈಮರ್ ಹಚ್ಚಿ, ಕಿಟಕಿಯಿರುವ ಎರಡೂ ಗೋಡೆಗಳನ್ನು ಮೂಲೆಯಿಂದ ಮೂಲೆಗೆ ಅದೇ ನಂಬರಿನ ಬಣ್ಣದಿಂದ ಬಳಿಸಿಕೊಡುತ್ತೇನೆ’ ಎಂದು ಬರೆದೆ. ಪದ ಚಿಕ್ಕದಿದ್ದಾಗ ಖರ್ಚೂ ಚಿಕ್ಕದಾಗಿ ಕಂಡಿತ್ತು. ಮಾಲೀಕರು ಅದನ್ನು ಎರಡು ಸಲ ಓದಿ, ಅಂಚಿನಲ್ಲಿ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: ‘ರಾಡ್ ಮತ್ತು ಬ್ರಾಕೆಟ್ ಬಿಟ್ಟುಹೋಗುವುದಾದರೆ ಇದಾವುದೂ ಬೇಡ. ಪರದೆ ನಿಮ್ಮದು.’ ಮುಂದೆ ಬರುವವರಿಗೂ ಬಿಸಿಲು ಬೀಳುತ್ತದೆಯಲ್ಲ ಎಂದು ಬಾಯಲ್ಲೂ ಹೇಳಿದರು. ಮೂರು ಕಾಗದ ಹರಿದ ನನಗೆ ಇದು ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ನಂತರ, ನೆರೆಯವರಿಗೆ ಮೊದಲೇ ತಿಳಿಸಿ, ಕೆಲಸ ಆರಂಭಿಸಿದೆವು. ಮೊದಲ ಕಿಟಕಿಯ ಪಕ್ಕದ ಇಟ್ಟಿಗೆಯಲ್ಲಿ ಮೊದಲು ಬೂದು ಪುಡಿ, ಆಮೇಲೆ ಕೆಂಪು ಪುಡಿ ಉದುರಿತು. ಕೆಂಪು ಕಂಡಾಗ ಗಾರೆ ದಾಟಿದೆವೆಂದು ನೆಮ್ಮದಿಯಾಯಿತು. ಮಧ್ಯದ ಬ್ರಾಕೆಟ್ಟಿನ ಜಾಗದಲ್ಲಿ, ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲ್‌ನಲ್ಲಿ, ಕೆಂಪು ಬರಲೇ ಇಲ್ಲ, ಬೂದು ಬಣ್ಣವೇ ನಿಧಾನವಾಗಿ ಉದುರುತ್ತಿತ್ತು. ಡ್ರಿಲ್ಲನ್ನು ಸುತ್ತಿಗೆಯ ಹೊಡೆತ ಕೊಡುವ ಗುಂಡಿಗೆ ತಿರುಗಿಸಿದ ಮೇಲೆ ಸಾಗಿತು. ಎರಡನೆಯ ಕಿಟಕಿಯ ಲಿಂಟಲ್‌ನಲ್ಲಿ ಬಿಟ್ ಅರ್ಧಕ್ಕೇ ನಿಂತು ಕಿರುಚಿತು, ಪುಡಿಯಲ್ಲಿ ಹೊಳೆಯುವ ಚೂರುಗಳು ಕಂಡವು. ಒಳಗಿನ ಕಬ್ಬಿಣದ ಸರಳು ಸಿಕ್ಕಿತ್ತು. ಅದನ್ನು ಕೊರೆಯಲು ಹಟ ಹಿಡಿಯದೆ, ಬ್ರಾಕೆಟ್ಟನ್ನು ಒಂದು ಅಂಗುಲ ಪಕ್ಕಕ್ಕೆ ಸರಿಸಿ ಹೊಸ ತೂತು ಕೊರೆದೆವು.

ನಿಂತುಹೋದ ಆ ತೂತು ಪರದೆ ಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ. ಸಂಜೆ ಮಾಲೀಕರ ಬಳಿಗೆ ಹೋಗಿ, ಅರ್ಜಿಯಲ್ಲಿದ್ದ 12ನ್ನು ಹೊಡೆದು 13 ಎಂದು ಬರೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು.