ಬೇರಿನ ತುದಿಯ ಕಪ್ಪು ನೆರಳು: ಸ್ಪಷ್ಟನೆ

“ರೂಟ್ ಕೆನಾಲ್ ಆಗಿ ಮೂರು ತಿಂಗಳಾದರೂ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಇದ್ದರೆ ಚಿಕಿತ್ಸೆ ಕೆಟ್ಟಿದೆ, ಹಲ್ಲು ಕೀಳಿಸಿಬಿಡಿ.”

ಕಲಬುರಗಿಯ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಈ ಸಂದೇಶ ತಪ್ಪು. ಹಲ್ಲಿನೊಳಗೆ ಸತ್ತ ನರದ ಸೋಂಕಿನಿಂದ ಬೇರಿನ ತುದಿಯ ಸುತ್ತಲಿನ ಮೂಳೆ ಕರಗಿದಾಗ, ಕಿರಣಗಳು ಅಲ್ಲಿ ಹೆಚ್ಚು ತಡೆಯಿಲ್ಲದೆ ಹಾದುಹೋಗುವುದರಿಂದ ಆ ಜಾಗ ಕಪ್ಪಾಗಿ ಕಾಣುತ್ತದೆ. ಬೇರಿನೊಳಗಿನ ನಾಳವನ್ನು ಫೈಲ್ ಎಂಬ ಸೂಜಿಯಂಥ ಸಣ್ಣ ಅರಗಳಿಂದ ಸ್ವಚ್ಛಗೊಳಿಸಿ, ಸೋಂಕುನಾಶಕ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚಿದರೆ ಸೋಂಕು ಶಮನವಾಗುತ್ತದೆ. ಕರಗಿದ ಮೂಳೆ ಮತ್ತೆ ತುಂಬಿಕೊಳ್ಳುವುದು ಮಾತ್ರ ನಿಧಾನ. ಆದ್ದರಿಂದಲೇ ವರ್ಷದ ನಂತರ ಎಕ್ಸ್‌ರೇ ತೆಗೆದು ಹಳೆಯದರೊಂದಿಗೆ ಹೋಲಿಸುತ್ತಾರೆ. ರೂಟ್ ಕೆನಾಲ್ ತಜ್ಞರ ಒಕ್ಕೂಟವಾದ ಯುರೋಪಿನ ಎಂಡೋಡಾಂಟಿಕ್ ಸಂಘದ ಮಾರ್ಗಸೂಚಿಯಂತೆ 4 ವರ್ಷದವರೆಗೂ ಗಮನಿಸಬಹುದು. ದವಡೆಹಲ್ಲಿನಡಿ 6 ಮಿ.ಮೀ. ಇದ್ದ ನೆರಳು ವರ್ಷದಲ್ಲಿ 3 ಮಿ.ಮೀ.ಗೆ ಇಳಿದು, ಕಚ್ಚಿದಾಗ ನೋವಿಲ್ಲದಿದ್ದರೆ ಅದು ವಾಸಿಯಾಗುತ್ತಿದೆ. ನೆರಳು ಹಿಗ್ಗಿದರೆ, ಅಥವಾ ಒಸಡಿನಲ್ಲಿ ಕೀವಿನ ಗುಳ್ಳೆ ಮರಳಿ ಎದ್ದರೆ ಚಿಂತಿಸಬೇಕು. ಆಗಲೂ, ಬೇರು ಸೀಳಿರದಿದ್ದರೆ, ಸಾಮಾನ್ಯವಾಗಿ ಮೊದಲು ಯೋಚಿಸುವುದು ಮರುಚಿಕಿತ್ಸೆಯನ್ನೇ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.